ಮೊಳ, ಮೊಳೆ, ಮೊಳಕೆ

ಪ್ರೀತಿಯ ತಂಗಿ,

ಟಿಪ್ಪಣಿ ಪುಸ್ತಕ ತುಂಬುತ್ತಿದೆ, ಕವಿತೆ ಮಾತ್ರ ಆಗುತ್ತಿಲ್ಲ ಎಂದಿದ್ದೀಯ. ನೀನು ಕಳಿಸಿದ ಪುಟಗಳಲ್ಲೇ ಕಾರಣ ಇದೆ. 'ಇಂದು ಮನಸ್ಸು ಭಾರ', 'ಸಂಜೆ ಬಹಳ ಸುಂದರ' ಎಂದು ಬರೆದಿದ್ದೀಯ. ಆರು ತಿಂಗಳ ಮೇಲೆ ಓದಿದರೆ ಆ ಸಂಜೆ ನಿನಗೇ ಕಾಣುವುದಿಲ್ಲ. ಕಂಡದ್ದು, ಕೇಳಿದ್ದು ಬರೆ. ದಿನಕ್ಕೆ ಮೂರು ಸಾಲು ಸಾಕು, ತಾರೀಖಿನ ಸಮೇತ. ಯಾರೋ ಆಡಿದ ಮಾತಾದರೆ ಅವರ ಆಡುನುಡಿಯಲ್ಲೇ ಇರಲಿ. ಉಪಮೆಯನ್ನು ಆಗಲೇ ಅಂಟಿಸಬೇಡ. ಒಮ್ಮೆ ಒಂದಕ್ಕೆ ಹೋಲಿಸಿಬಿಟ್ಟ ವಸ್ತು ಆಮೇಲೆ ಇನ್ನೊಂದರ ಜೊತೆ ಸುಲಭಕ್ಕೆ ಕೂಡುವುದಿಲ್ಲ. ಬಲಪುಟದಲ್ಲಷ್ಟೇ ಬರೆ, ಎಡಪುಟ ಖಾಲಿ ಬಿಡು.

ಎರಡು ತಿಂಗಳವರೆಗೆ ಹಿಂದಿನ ಪುಟ ತಿರುಗಿಸಬೇಡ. ಬರೆದ ಬಿಸಿ ಆರುವವರೆಗೆ ಎಲ್ಲ ಸಾಲೂ ಚೆಂದವೇ. ಆಮೇಲೆ ಪೆನ್ಸಿಲ್ ಹಿಡಿದು ಒಂದೇ ಪಟ್ಟಿಗೆ ಕೂತು ಓದು, ಕಣ್ಣು ನಿಂತಲ್ಲಿ ಗೆರೆ ಎಳೆ. 180 ಸಾಲಿನಲ್ಲಿ ಹತ್ತು ಸಿಕ್ಕರೂ ಒಳ್ಳೆಯ ಫಸಲು. ಅವನ್ನು ಒಂದೊಂದು ಚೀಟಿಗೆ ಇಳಿಸಿ ನೆಲದ ಮೇಲೆ ಹರಡು. ಇಂಥ ಮೂರು ಚೀಟಿ ಸಿಕ್ಕವು ಅಂದುಕೋ:

ಜೂನ್ 12. ಹೂವಿನವಳು ದಾರದ ತುದಿ ಮೊಣಕೈಗೆ ಒತ್ತಿ, ಬೆರಳ ತುದಿವರೆಗೆ ಎಳೆದು ಮೊಳ ಹಾಕಿದಳು.
ಜುಲೈ 3. ಅಜ್ಜಿಯ ಚೀಲ ಇನ್ನೂ ಗೋಡೆಯ ಮೊಳೆಯಲ್ಲೇ ಇದೆ. ಒಳಗೆ ಮಡಚಿದ ಬಸ್ ಟಿಕೆಟ್.
ಜುಲೈ 29. ಹೆಸರುಕಾಳು ಕಟ್ಟಿಟ್ಟ ಬಟ್ಟೆಯನ್ನು ತೂರಿ ಮೊಳಕೆ ಬಂದಿದೆ.

ಮೊಳ, ಮೊಳೆ, ಮೊಳಕೆ! ಮೂರನ್ನೂ ಪೋಣಿಸಲು ಕೈ ತುರಿಸುತ್ತದೆ. ಎಡವುವುದು ಇಲ್ಲೇ. ಕಿವಿಗೆ ಹತ್ತಿರವಾದ ಮಾತ್ರಕ್ಕೆ ಚಿತ್ರಗಳು ಹತ್ತಿರವಾಗುವುದಿಲ್ಲ. ಶಬ್ದ ಮರೆತು ವಸ್ತುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡು. ಮೊಳ ಎಂದರೆ ಒಂದು ಕೈಯ ಉದ್ದ. ಮೊಳೆಯಲ್ಲಿ ತೂಗುತ್ತಿರುವುದು ಈಗಿಲ್ಲದ ಕೈಯ ಚೀಲ. ಇವೆರಡೂ ಒಂದನ್ನೊಂದು ಕರೆಯುತ್ತವೆ. ಕಾಳು ಕರೆಯುವುದಿಲ್ಲ, ಅದನ್ನು ತೆಗೆದಿಡು.

ಒಂದು ಮೊಳ ಕೊಂಡೆ.
ಅಜ್ಜಿಯ ಚೀಲ ಇನ್ನೂ ತೂಗುವ
ಮೊಳೆಗೇ ಸಿಕ್ಕಿಸಿದೆ.
ಗೋಡೆಯ ಮೇಲೆ ಹೂವು
ಅವಳ ಬೆರಳಿನಿಂದ
ಮೊಣಕೈವರೆಗೆ ಬಂತು.

ಕೊನೆಯ ಮೂರು ಸಾಲು ಯಾವ ಚೀಟಿಯಲ್ಲೂ ಇರಲಿಲ್ಲ, ನೋಡು. ಎರಡು ಚೀಟಿ ಕೂಡಿದಾಗ ಹೀಗೆ ಹೊಸದೊಂದು ಹುಟ್ಟದಿದ್ದರೆ ಅದು ಬರಿಯ ಜೋಡಣೆ, ಬಿಟ್ಟುಬಿಡು. ಹೂವಿನವಳೂ ಇಲ್ಲಿಲ್ಲ, ಕವಿತೆಗೆ ಅವಳ ಅಳತೆ ಸಾಕಾಯಿತು. ಬಸ್ ಟಿಕೆಟ್ ಒಳ್ಳೆಯ ವಿವರ, ಬಿಡಲು ಹೊಟ್ಟೆ ಉರಿಯುತ್ತದೆ. ಆದರೆ ಅದು ಬಂದರೆ ಓದುವವರ ಕಣ್ಣು ಗೋಡೆ ಬಿಟ್ಟು ಚೀಲದೊಳಗೆ ಹೋಗುತ್ತದೆ, ಆ ಕೈ ಕಾಣುವುದೇ ಇಲ್ಲ.

ಟಿಕೆಟ್ಟೂ ಕಾಳೂ ಪುಸ್ತಕದಲ್ಲೇ ಕಾಯಲಿ. ಬಳಸಿದ ಸಾಲಿನ ಎದುರು, ಖಾಲಿ ಬಿಟ್ಟ ಎಡಪುಟದಲ್ಲಿ, ಅದು ಯಾವ ಕವಿತೆಗೆ ಹೋಯಿತೆಂದು ಬರೆದಿಡು. ಇಲ್ಲದಿದ್ದರೆ ಅದೇ ಮೊಳ ಮುಂದಿನ ವರ್ಷ ಇನ್ನೊಂದು ಕವಿತೆಗೂ ಬಂದು ಕೂರುತ್ತದೆ.