ಸರಿಹೋದ ಗೆರೆ

ಮೈಸೂರು
29-9-2024

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಎಲ್ಲ ಓದಿ ಸಂತೋಷವಾಯಿತು, ಕೊನೆಯ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ಎರಡು ವರ್ಷ ತಲೆಕೆಳಗಾಗಿದ್ದ ಯೀಲ್ಡ್ ಕರ್ವ್ ಈಗ ಸರಿಹೋಗಿದೆ. ಆದರೆ ಸರಿಹೋದ ಮೇಲೇ ಆರ್ಥಿಕ ಹಿಂಜರಿತ ಬರುವುದಂತೆ, ನಿಜವೇ ದೊಡ್ಡಪ್ಪ?" ಅಂತ ಕೇಳಿದ್ದೀಯ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಮನೆ, ಸಾಲ, ವೀಸಾ ಇವುಗಳ ಬಗ್ಗೆ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ, ನಾನು ಮತ್ತೆ ಹೇಳುವುದಿಲ್ಲ.

ನಿಜ, ಮಗೂ. ಹಲವು ಸಲ ಹಾಗೇ ಆಗಿದೆ. ಆದರೆ ಏಕೆ ಹಾಗಾಗುತ್ತದೆ ಅನ್ನುವುದು ತಿಳಿಯದೆ ಭಯಪಟ್ಟರೆ ಆ ಭಯಕ್ಕೆ ಮಿತಿಯೇ ಇರುವುದಿಲ್ಲ.

ಮುಂಬಯಿಯಲ್ಲಿ ಬ್ಯಾಂಕಿನ ಟ್ರೆಷರಿ ವಿಭಾಗದಲ್ಲಿದ್ದಾಗ ನನ್ನ ಹತ್ತಿರ ಒಂದು ಗ್ರಾಫ್ ಪುಸ್ತಕ ಇತ್ತು. ಪ್ರತಿ ಶುಕ್ರವಾರ ಸಂಜೆ ಅಮೆರಿಕದ ಸರ್ಕಾರಿ ಬಾಂಡುಗಳ ಯೀಲ್ಡ್, ಅಂದರೆ ಅವುಗಳಿಂದ ಸಿಗುವ ಬಡ್ಡಿಯ ದರ, ನೋಡಿ ಚುಕ್ಕಿ ಇಡುತ್ತಿದ್ದೆ. ಎಡಗಡೆ ಮೂರು ತಿಂಗಳಿನದು, ಆಮೇಲೆ ಎರಡು ವರ್ಷದ್ದು, ಬಲಗಡೆ ಹತ್ತು ವರ್ಷದ್ದು. ಚುಕ್ಕಿ ಸೇರಿಸಿದರೆ ಬರುವ ಗೆರೆಯೇ ನಿನ್ನ ಯೀಲ್ಡ್ ಕರ್ವ್, ಅದು ಸಾಮಾನ್ಯವಾಗಿ ಬಲಕ್ಕೆ ಏರುತ್ತದೆ. ಹಣವನ್ನು ಹತ್ತು ವರ್ಷ ಕಟ್ಟಿಹಾಕುವವನು ಬಡ್ಡಿ ಹೆಚ್ಚು ಕೇಳುತ್ತಾನೆ, ಅಷ್ಟೇ. 2006ರ ಕೊನೆಯ ತಿಂಗಳುಗಳಲ್ಲಿ ಆ ಗೆರೆ ಬಲಕ್ಕೆ ಇಳಿದಿತ್ತು, ತಲೆಕೆಳಗಾಗುವುದು ಅಂದರೆ ಇದೇ. ಮೂರು ತಿಂಗಳಿಗೆ ಹತ್ತಿರ ಹತ್ತಿರ ಶೇಕಡ 5, ಹತ್ತು ವರ್ಷಕ್ಕೆ ಸುಮಾರು 4.6.

ಕಡಿಮೆ ಬಡ್ಡಿಗೆ ಹತ್ತು ವರ್ಷ ಹಣ ಕೊಡುವವನು ದಡ್ಡನಲ್ಲ. ಇವತ್ತಿನ 5 ಹೆಚ್ಚು ದಿನ ಉಳಿಯುವುದಿಲ್ಲ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬೇಗ ದರ ಇಳಿಸಬೇಕಾಗುತ್ತದೆ ಎಂದು ಅವನಿಗೆ ಅನ್ನಿಸಿರುತ್ತದೆ. ಎಡಗಡೆಯ ತುದಿ ಫೆಡ್ ಕೈಯಲ್ಲಿರುತ್ತದೆ, ಬಲಗಡೆಯದು ಜನರ ಅಂದಾಜಿನಲ್ಲಿ. ಫೆಡ್ ದರ ಇಳಿಸುವುದು ಹೆಚ್ಚಾಗಿ ವ್ಯಾಪಾರ ಕುಗ್ಗಿ ಕೆಲಸಗಳು ಹೋಗುವಾಗ. ಅದಕ್ಕೇ ಗೆರೆ ತಲೆಕೆಳಗಾದರೆ ಹಿಂಜರಿತದ ಮುನ್ಸೂಚನೆ ಅನ್ನುವುದು. ಇನ್ನೊಂದು ಕಾರಣ ನಾನು ಕುರ್ಚಿಯಲ್ಲಿ ಕೂತು ಕಂಡದ್ದು. ಬ್ಯಾಂಕು ಕಡಿಮೆ ಅವಧಿಗೆ ಠೇವಣಿ ತೆಗೆದುಕೊಂಡು ದೀರ್ಘ ಅವಧಿಗೆ ಸಾಲ ಕೊಡುತ್ತದೆ. ಠೇವಣಿಗೆ ಕೊಡುವ ಬಡ್ಡಿಯೇ ಮೇಲಾದರೆ ಲಾಭ ಕರಗುತ್ತದೆ, ಮ್ಯಾನೇಜರು ಸಾಲದ ಅರ್ಜಿಗಳನ್ನು ಬದಿಗೆ ಸರಿಸಲು ಶುರುಮಾಡುತ್ತಾನೆ.

ಈಗ ನಿನ್ನ ಪ್ರಶ್ನೆ. ಸರಿಹೋದ ಮೇಲೇ ಏಕೆ?

ಗೆರೆ ಎರಡು ರೀತಿಯಲ್ಲಿ ಸರಿಹೋಗಬಹುದು. ಬಲತುದಿ ಏರಬಹುದು, ಅಥವಾ ಎಡತುದಿ ಕುಸಿಯಬಹುದು. ಎಡತುದಿ ಕುಸಿದರೆ, ಜನ ಊಹಿಸಿದ್ದ ದರ ಇಳಿಕೆ ಬಾಗಿಲಿಗೇ ಬಂದಿದೆ ಎಂದರ್ಥ. ಗೆರೆ ನೋಡಲು ಆರೋಗ್ಯವಾಗಿ ಕಾಣುತ್ತದೆ, ಕಾರಣ ಮಾತ್ರ ಕಾಯಿಲೆಯಾಗಿರಬಹುದು. 2007ರ ಜೂನ್ ಹೊತ್ತಿಗೆ ಗೆರೆ ಮತ್ತೆ ಏರುಮುಖವಾಯಿತು. ಸೆಪ್ಟೆಂಬರ್ 18ರಂದು ಫೆಡ್ ಅರ್ಧ ಶೇಕಡ ದರ ಇಳಿಸಿತು. ಡಿಸೆಂಬರಿನಲ್ಲಿ ಹಿಂಜರಿತ ಶುರುವಾಗಿತ್ತು, ಆದರೆ ಅಲ್ಲಿನ ಅರ್ಥಶಾಸ್ತ್ರಜ್ಞರ ಸಮಿತಿ ಅದನ್ನು ಅಧಿಕೃತವಾಗಿ ಹೇಳಿದ್ದು 2008ರ ಡಿಸೆಂಬರ್ 1ಕ್ಕೆ. ಪೂರ್ತಿ ಒಂದು ವರ್ಷ ತಡ. ಈ ಸಲವೂ ಸೆಪ್ಟೆಂಬರ್ 18, ಅರ್ಧ ಶೇಕಡ. ನಿನಗೆ ನಿದ್ದೆ ಬಾರದಿರುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ.

2008ರಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. 2006ರಲ್ಲಿ ಗೆರೆ ತಿರುಗಿದ ಕೂಡಲೇ ನಿನ್ನ ಅಪ್ಪನಿಗೆ ಫೋನ್ ಮಾಡಿ ಷೇರು ಮಾರಿಬಿಡು ಎಂದವನು ನಾನು. ಮಾರಿದ. ಆಗ ಸೆನ್ಸೆಕ್ಸ್ ಹನ್ನೆರಡು ಸಾವಿರದ ಆಸುಪಾಸು ಇತ್ತು, ಮುಂದಿನ ಒಂದೂವರೆ ವರ್ಷ ಏರುತ್ತಲೇ ಹೋಯಿತು. ಅವನು ಒಂದು ಮಾತು ಆಡಲಿಲ್ಲ, ಅದೇ ನನಗೆ ಚುಚ್ಚುತ್ತಿತ್ತು. ಗೆರೆ ಸರಿಹೋದಾಗ ನನಗೆ ಎಷ್ಟು ನಿರಾಳವಾಯಿತೆಂದರೆ, ಅಪಾಯ ಕಳೆಯಿತು, ಈಗ ಹಾಕಬಹುದು ಎಂದು ಮತ್ತೆ ನಾನೇ ಹೇಳಿದೆ. ಅವನು ಪಿಎಫ್ ಹಣ ತೆಗೆದು ಹಾಕಿದ್ದು 2008ರ ಜನವರಿಯಲ್ಲಿ, ಸೆನ್ಸೆಕ್ಸ್ ಇಪ್ಪತ್ತೊಂದು ಸಾವಿರ ಮುಟ್ಟಿದ ವಾರ. ಅಕ್ಟೋಬರಿಗೆ ಅದು ಎಂಟು ಸಾವಿರದ ಹತ್ತಿರ ಬಂತು. ಎರಡು ಸಲವೂ ಗೆರೆ ಸುಳ್ಳು ಹೇಳಲಿಲ್ಲ. ಅದು ಹೇಳದ ದಿನಾಂಕವನ್ನು ನಾನು ಅದರ ಬಾಯಿಂದ ಹೇಳಿಸಲು ಹೋದೆ.

ಗೆರೆ ತಿರುಗಿ ಹಿಂಜರಿತ ಬರುವುದರೊಳಗೆ ಅರ್ಧ ವರ್ಷವೂ ಆಗಬಹುದು, ಎರಡು ವರ್ಷವೂ ಆಗಬಹುದು. 1966ರಲ್ಲಿ ತಿರುಗಿತ್ತು, ಹಿಂಜರಿತ ಬರಲೇ ಇಲ್ಲ. 2019ರಲ್ಲಿ ತಿರುಗಿತು, ಮುಂದಿನ ವರ್ಷ ಹಿಂಜರಿತ ಬಂತು ನಿಜ, ಆದರೆ ಕೊರೊನಾ ಬರುತ್ತದೆ ಅಂತ ಯಾವ ಬಾಂಡಿಗೆ ಗೊತ್ತಿತ್ತು? ಲೆಕ್ಕಕ್ಕೆ ಸಿಗುವ ಸಂದರ್ಭಗಳು ಎರಡು ಕೈ ಬೆರಳಿನಷ್ಟೂ ಇಲ್ಲ. ಈ ಸಲದ ಕಥೆ ಇನ್ನೂ ಬೇರೆ. 2022ರ ಜುಲೈಯಿಂದ ಎರಡು ವರ್ಷದ ಯೀಲ್ಡ್ ಹತ್ತು ವರ್ಷದ್ದಕ್ಕಿಂತ ಮೇಲೆಯೇ ಇತ್ತು, ಒಂದು ಹಂತದಲ್ಲಿ ಶೇಕಡ 1ಕ್ಕೂ ಹೆಚ್ಚು. ಆದರೂ ಅಲ್ಲಿನ ಜನ ಖರ್ಚು ನಿಲ್ಲಿಸಲಿಲ್ಲ. ಬಹಳ ಮಂದಿ ಅದಕ್ಕೆ ಮುಂಚೆಯೇ ಮೂರು ಶೇಕಡ ಬಡ್ಡಿಗೆ ಮೂವತ್ತು ವರ್ಷದ ಗೃಹಸಾಲ ಕಟ್ಟಿಕೊಂಡಿದ್ದರು, ಹೊಸ ಬಡ್ಡಿ ಅವರನ್ನು ಮುಟ್ಟಲಿಲ್ಲ. ನಿನ್ನ ಹಾಗೆ ಈಗ ಮನೆ ಕೊಳ್ಳಲು ಹೊರಟವರಿಗೇ ಅದರ ಬಿಸಿ. ಇನ್ನೊಂದು ವಿಷಯ. ಸರಿಹೋಗಿರುವುದು ಎರಡು ವರ್ಷ ಮತ್ತು ಹತ್ತು ವರ್ಷದ ನಡುವಿನದು. ಮೂರು ತಿಂಗಳಿನದು ಇವತ್ತಿಗೂ ಹತ್ತು ವರ್ಷದ್ದಕ್ಕಿಂತ ಮೇಲೆಯೇ ಇದೆ.

ಹಾಗಾದರೆ ಸರಿಹೋದ ಮೇಲೇ ಬರುತ್ತದೆಯೇ? ಮತ್ತೆ ಅಲ್ಲಿಗೇ ಬಂದೆ ನೋಡು. ಎಡತುದಿ ಇಳಿದಿರುವುದು ಖಂಡಿತ. ಬೆಲೆ ಏರಿಕೆ ತಣ್ಣಗಾಯಿತೆಂದು ಇಳಿಯಿತೋ, ಕೆಲಸಗಳು ಹೋಗುತ್ತಿವೆಯೆಂದು ಇಳಿಯಿತೋ, ಅದನ್ನು ಗೆರೆ ಹೇಳುವುದಿಲ್ಲ. ಅಲ್ಲಿ ನಿರುದ್ಯೋಗ ಕಳೆದ ವರ್ಷ ಶೇಕಡ 3.4 ಇದ್ದದ್ದು ಈ ಜುಲೈಗೆ 4.3 ಆಯಿತು, ಅದು ನನಗೂ ಹಿಡಿಸಿಲ್ಲ. ಗುರುವಾರ ಗುರುವಾರ ನಿರುದ್ಯೋಗ ಭತ್ಯೆಗೆ ಹೊಸದಾಗಿ ಅರ್ಜಿ ಹಾಕಿದವರ ಲೆಕ್ಕ ಬರುತ್ತದಲ್ಲ, ಅದು ಈಗ ಎರಡು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು ಇದೆ. 2009ರ ಮಾರ್ಚಿನಲ್ಲಿ ಆರು ಲಕ್ಷ ದಾಟಿತ್ತು. ವಾರ ವಾರವೂ ಅದು ಮೇಲಕ್ಕೆ ಹತ್ತತೊಡಗಿದರೆ ಆಗ ನಿನ್ನ ಭಯಕ್ಕೆ ಆಧಾರವಿದೆ.

ಬುದ್ಧಿ ಹೇಳುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ. ಮನೆ ಕೊಳ್ಳು, ಬೇಡ ಎಂದು ಈ ಗೆರೆ ನೋಡಿ ಹೇಳಲಾರೆ. ಕೆಲಸ ಹೋದರೆ ನಿನಗಿರುವುದು ವೀಸಾದ ಅರವತ್ತು ದಿನ. ಮುಂಗಡಕ್ಕೆ ಇದ್ದಬದ್ದದ್ದೆಲ್ಲ ಸುರಿಯದೆ ಎಂಟು ತಿಂಗಳ ಖರ್ಚು ಬೇರೆ ಇಡಲು ಆಗುತ್ತದೆಯೇ ನೋಡು. ಹೆಚ್ಚಾಯಿತು ಅನ್ನಿಸಿದರೆ ಆರು ತಿಂಗಳದ್ದಾದರೂ.

ನಿನ್ನೆ ಅಟ್ಟದಿಂದ ಆ ಗ್ರಾಫ್ ಪುಸ್ತಕ ಇಳಿಸಿದೆ. 2007ರ ಜೂನ್ ಪುಟದಲ್ಲಿ, ಏರಿದ ಗೆರೆಯ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ "ಸರಿಹೋಯಿತು" ಎಂದು ಬರೆದು ಕೆಳಗೆ ಎರಡು ಗೀಟು ಎಳೆದಿದ್ದೇನೆ. ನಿನ್ನ ಅಪ್ಪ ಈ ಪುಟ ನೋಡಿಲ್ಲ. ಅಂದು ನಾನು ಯಾವ ಆಧಾರದ ಮೇಲೆ ಹಣ ಹಾಕು ಎಂದೆ ಅನ್ನುವುದನ್ನು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಭಾನುವಾರ ಊಟಕ್ಕೆ ಬರುತ್ತಾನೆ, ಆಗ ತೋರಿಸುತ್ತೇನೆ. ಅಲ್ಲಿಯವರೆಗೆ ನೀನು ಅವನ ಮುಂದೆ ಈ ಮಾತು ಎತ್ತಬೇಡ.

ಇಂತಿ,
ನಿನ್ನ ದೊಡ್ಡಪ್ಪ