ಕಾರವಾರದಲ್ಲಿ ನಮ್ಮ ಜೋನಿಬೆಲ್ಲದ ಅಂಗಡಿ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಶಿರಸಿಯ ನಮ್ಮ ಅಂಗಡಿಯ ಶಾಖೆಯು ಬರುವ ಗುರುವಾರ ಬೆಳಿಗ್ಗೆ 10 ಗಂಟೆಗೆ ಕಾರವಾರದ ಕಾಜುಬಾಗದಲ್ಲಿ ಆರಂಭವಾಗಲಿದೆ. ಅಂಗಡಿ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಭಾನುವಾರ ಸಂತೆಗೆ ಬರುವವರಿಗೆ ಅನುಕೂಲವಾಗಲೆಂದು ವಾರದ ರಜೆಯನ್ನು ಸೋಮವಾರಕ್ಕೆ ಇಟ್ಟಿದ್ದೇವೆ.

ಜೋನಿಬೆಲ್ಲವನ್ನು ಡಬ್ಬದಿಂದ ತೂಗಿ ಕೊಡುವುದರಿಂದ, ತೊಳೆದು ಪೂರ್ತಿ ಒಣಗಿಸಿದ ಸ್ಟೀಲ್ ಅಥವಾ ಗಾಜಿನ ಪಾತ್ರೆ ತನ್ನಿರಿ. ಮೊದಲು ಖಾಲಿ ಪಾತ್ರೆಯನ್ನು ತೂಗಿ ಆ ತೂಕವನ್ನು ಕಳೆಯುತ್ತೇವೆ. ಕರಾವಳಿಯ ತೇವದ ಹವೆಯಲ್ಲಿ ಒಂದು ಹಸಿ ಚಮಚ ತಾಗಿದರೂ ಬೆಲ್ಲ ಹುಳಿಯುತ್ತದೆ. ಮೇಲೆ ಸಣ್ಣ ಗುಳ್ಳೆಗಳ ನೊರೆ ಎದ್ದು ಹುಳಿವಾಸನೆ ಬಂದರೆ ಕೆಟ್ಟಿದೆ ಎಂದರ್ಥ. ಆದರೆ ತಳದಲ್ಲಿ ಹರಳುಗಟ್ಟುವುದು ಸಕ್ಕರೆಯ ಸಹಜ ಗುಣ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟರೆ ಅದು ಕರಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ ಬೇಕಾದಷ್ಟನ್ನೇ ಒಯ್ಯುವುದು ಒಳ್ಳೆಯದು.

ದೇವಿಮನೆ ಘಟ್ಟವಿಳಿದು ಬಸ್ಸಿನಲ್ಲಿ ಬಂದ ಡಬ್ಬಗಳ ಮುಚ್ಚಳ ಸೋರಿದಾಗಲೂ ಸಿಟ್ಟಾಗದೆ, ಚಿತ್ರ ಕಳಿಸಿ ತಪ್ಪು ತಿಳಿಸಿದ ಮೊದಲ ಗ್ರಾಹಕರಿಗೆ ನಾವು ಮನಃಪೂರ್ವಕವಾಗಿ ಕೃತಜ್ಞರಾಗಿದ್ದೇವೆ. ಡಬ್ಬವನ್ನು ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಡುವುದನ್ನು ನಾವು ಕಲಿತದ್ದು ನಿಮ್ಮಿಂದಲೇ. ಆಗ ಸೋರಿ ನಷ್ಟವಾದವರು ದಯವಿಟ್ಟು ಅಂಗಡಿಯಲ್ಲಿ ತಿಳಿಸಿ, ಅಷ್ಟೇ ತೂಕದ ಬೆಲ್ಲವನ್ನು ಪಡೆಯಬೇಕು.