ಸುರೇಶ ಸೇರಿಸಿದ ಪದಗಳು

ಪ್ರಿಯ ತಮ್ಮಾ,

ಕಥೆ ಓದಿದೆ. ಕಾಗುಣಿತ, ಪ್ಯಾರಾಗಳನ್ನು ಆಮೇಲೆ ನೋಡಿಕೊಳ್ಳಬಹುದು, ಬಿಡು. ಆಫೀಸಿನ ಗೀತಾ ತನ್ನನ್ನು ಪ್ರೀತಿಸುತ್ತಾಳೆ ಎಂದುಕೊಳ್ಳುವ ಸುರೇಶನ ಒಂಟಿತನವನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ! ಆದರೆ ಅವನು ಕಂಡದ್ದನ್ನೂ ಅಂದುಕೊಂಡದ್ದನ್ನೂ ಒಟ್ಟಿಗೆ ಕಲಸಿಬಿಟ್ಟಿದ್ದೀಯ. "ಗೀತಾ ಪ್ರೀತಿಯಿಂದ ಊಟ ಆಯ್ತಾ ಎಂದಳು" ಅಂತೀಯ. ಊಟ ಆಯ್ತಾ ಎಂದದ್ದು ಗೀತಾ. 'ಪ್ರೀತಿಯಿಂದ' ಸೇರಿಸಿದ್ದು ಸುರೇಶ.

ಮಧ್ಯಾಹ್ನ ಒಂದೂವರೆಗೆ ಆಫೀಸಿನಲ್ಲಿ ಆ ಮಾತನ್ನು ಯಾರು ಯಾರನ್ನು ಬೇಕಾದರೂ ಕೇಳುತ್ತಾರೆ. ಮನೆಯಲ್ಲಿ ನಾಲ್ಕು ಜನ ಇರುವವನು "ಆಯ್ತು, ನಿಮ್ದು?" ಎಂದು ಮರೆತುಬಿಡುತ್ತಾನೆ. ಸುರೇಶನನ್ನು ಪೀಜಿಯಲ್ಲಿ ವಿಚಾರಿಸುವವರೇ ಇಲ್ಲ; ಇಡೀ ದಿನದಲ್ಲಿ ಅವನಿಗೆ ಸಿಗುವುದು ಅದೊಂದೇ ಮಾತು. ಆ ಮಾತಿಗೆ ತೂಕ ಬಂದದ್ದು ಅವನ ಕೊರತೆಯಿಂದ. ಅವನು ಮಾತ್ರ ಅದನ್ನು ಅವಳ ಮನಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಟೋನಿಯಾ ಆಬಿ 1982ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬ ಹುಡುಗ, ಒಬ್ಬ ಹುಡುಗಿ ಐದು ನಿಮಿಷ ಮಾತಾಡುತ್ತಾರೆ. ಇನ್ನೊಂದು ಜೋಡಿ ಮರೆಯಲ್ಲಿ ಕೂತು ನೋಡುತ್ತದೆ. ಮಾತಾಡಿದ ಹುಡುಗಿಯ ಸ್ನೇಹದಲ್ಲಿ ಹುಡುಗರಿಗೆ, ಸರಾಸರಿಯಾಗಿ, ಹುಡುಗಿಯರಿಗಿಂತ ಹೆಚ್ಚು ಆಕರ್ಷಣೆಯ ಸೂಚನೆ ಕಂಡಿತು. ಮರೆಯಲ್ಲಿ ಕೂತವನಿಗೂ ಹಾಗೆಯೇ ಕಂಡಿತು ಎನ್ನುವುದನ್ನು ಗಮನಿಸು. ಒಂಟಿತನವನ್ನು ಅದು ಅಳೆಯಲಿಲ್ಲ, ಪ್ರತಿ ಹುಡುಗನೂ ಹೀಗೇ ಎಂದೂ ಅದು ಹೇಳುವುದಿಲ್ಲ. ಆದರೂ ಅದೇ ಐದು ನಿಮಿಷ ನೋಡುವವರಿಗೆ ತಕ್ಕಂತೆ ಎರಡು ಬಗೆಯಾಗಿ ಕಾಣುತ್ತದೆ ಎನ್ನುವುದು ನಿನ್ನಂಥ ಕಥೆಗಾರನಿಗೆ ಗೊತ್ತಿರಬೇಕು.

ಈಗ ತಿದ್ದುವ ಕೆಲಸ. ಗೀತಾ ಅಟೆಂಡರನ್ನೂ ಊಟ ಆಯ್ತಾ ಎಂದು ಕೇಳಲಿ, ಸುರೇಶ ಅದನ್ನು ಕಣ್ಣಾರೆ ನೋಡಲಿ. ಅವನು ಸೋಲುವುದಿಲ್ಲ. "ಯಾರಿಗೂ ಅನುಮಾನ ಬರಬಾರದು ಅಂತ ಎಲ್ಲರನ್ನೂ ಕೇಳ್ತಾಳೆ" ಅಂದುಕೊಳ್ಳುತ್ತಾನೆ. ಮೆಸೇಜಿಗೆ ಬೇಗ ಉತ್ತರ ಬಂದರೆ ಕಾತರ, ತಡವಾದರೆ ನಾಚಿಕೆ. ಅವಳು ಏನು ಮಾಡಿದರೂ ಉತ್ತರ ಒಂದೇ ಆಗುತ್ತಿದ್ದರೆ ಅವನು ಅವಳನ್ನು ನೋಡುವುದನ್ನೇ ಬಿಟ್ಟಿದ್ದಾನೆ ಎಂದು ತಿಳಿ. ಇದೆಲ್ಲ ಬೆಳೆಯುವುದು ಅವಳ ಎದುರಿಗಲ್ಲ, ಭಾನುವಾರ ರೂಮಿನಲ್ಲಿ, ಎರಡು ಸಾಲಿನ ಮೆಸೇಜನ್ನು ಮತ್ತೆ ಮತ್ತೆ ಓದುವಾಗ. ಆ ಭಾನುವಾರಕ್ಕೆ ನೀನು ಒಂದು ಸಾಲು ಕೊಟ್ಟಿದ್ದೀಯ, ಎರಡು ಪುಟ ಕೊಡು.

ನಿಜವಾದ ಒಲವಿಗೂ ಗುರುತುಗಳಿವೆ. ಅವನಿಗೆ ಮಾತ್ರ ಮಾಡಿದ್ದು ಏನಾದರೂ ಇದೆಯೇ? ಕೆಲಸವಿಲ್ಲದೆ ಅವಳಾಗಿಯೇ ಸಮಯ ಮಾಡಿಕೊಂಡು ಬಂದಳೇ? ನಿನ್ನ ಹಸ್ತಪ್ರತಿಯಲ್ಲಿ ಅಂಥದ್ದು ಒಂದೂ ಇಲ್ಲ. ಇದ್ದರೂ ಅವನು ಬಾಯಿಬಿಟ್ಟು ಕೇಳಲೇಬೇಕು.

ಕೊನೆಗೆ ಅವಳನ್ನು ಮೋಸಗಾತಿ ಎಂದಿದ್ದೀಯಲ್ಲ, ಅಲ್ಲಿ ನನಗೆ ಸಿಟ್ಟು ಬಂತು. ಗೀತಾ ಯಾವ ಮಾತು ಕೊಟ್ಟಿದ್ದಳು, ತಪ್ಪಲಿಕ್ಕೆ? ನಮ್ಮ ಕಥೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಹೀಗೆ ಬಾಯಿಯೇ ಇಲ್ಲದೆ ಶಿಕ್ಷೆ ಅನುಭವಿಸಿದ್ದಾರೆ. ಆ ಕೊನೆಯ ಎರಡು ಪುಟ ಹರಿದುಹಾಕು. ಸುರೇಶ ಕೇಳಲಿ, ಗೀತಾ ತನ್ನ ಮಾತಿನಲ್ಲೇ ಇಲ್ಲ ಎನ್ನಲಿ, ಬರೆದು ಕಳಿಸು.

ನಿನ್ನ,
ಅಣ್ಣ